ಕೆಂಪು ಗುಂಡು, ಕಪ್ಪು ಗುಂಡು

"ಕೆಂಪಗಿರೋದು ಕಚ್ಚಲ್ಲ ಸ್ವಾಮಿ, ಕಪ್ಪಗಿರೋದೇ ಕಚ್ಚೋದು." ಕೃಷ್ಣಗಿರಿ ಜಿಲ್ಲೆಯ ಹೊಸೂರಿನ ಒಂದು ಫೋರ್ಜಿಂಗ್ ಶೆಡ್ಡಿನಲ್ಲಿ ಹಿರಿಯ ಮೇಸ್ತ್ರಿಯೊಬ್ಬರು ಹೇಳಿದ ಮಾತಿದು. ಕುಲುಮೆಯಿಂದ ಆಗಷ್ಟೇ ಹೊರಬಂದು ನಿಗಿನಿಗಿ ಉರಿಯುವ ಉಕ್ಕಿನ ಹತ್ತಿರ ಯಾರೂ ಕೈ ಒಯ್ಯುವುದಿಲ್ಲ. ಕೈ ಸುಟ್ಟುಕೊಳ್ಳುವುದು ಮೂಲೆಯಲ್ಲಿ ತಣ್ಣಗಾಗಲು ಬಿಟ್ಟ, ನೋಡಲು ಸತ್ತಂತಿರುವ ತುಂಡಿನಿಂದ. ಮೇಸ್ತ್ರಿಯ ಮಾತಿನೊಳಗೆ ಎಷ್ಟು ದೊಡ್ಡ ಸಂಖ್ಯೆ ಅಡಗಿದೆ ಎನ್ನುವುದು ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದಾಗಲೇ ನನಗೆ ತಿಳಿದದ್ದು.

ಲೆಕ್ಕಕ್ಕೆ ಒಂದು ಗುಂಡು ಬೇಕು. ಅದಿರು ಅರೆಯುವ ಬಾಲ್ ಮಿಲ್ಲಿಗೆ ಹಾಕುವಂಥ ಉಕ್ಕಿನ ಗುಂಡು ಎಂದಿಟ್ಟುಕೊಳ್ಳಿ. ವ್ಯಾಸ 10 ಸೆಂಟಿಮೀಟರ್, ತೂಕ 4 ಕಿಲೋಗಿಂತ ಸ್ವಲ್ಪ ಹೆಚ್ಚು. ಅದನ್ನು 927 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಗಾಳಿಯಲ್ಲಿ 327 ಡಿಗ್ರಿಗೆ ಇಳಿಯುವವರೆಗೆ ಬಿಡೋಣ. ಈ ವಿಚಿತ್ರ ಅಂಕಿಗಳನ್ನು ಬೇಕೆಂದೇ ಆರಿಸಿದ್ದೇನೆ. ವಿಕಿರಣದ ಲೆಕ್ಕಕ್ಕೆ ಸೆಲ್ಸಿಯಸ್‌ನ ಸೊನ್ನೆ ಸೊನ್ನೆಯೇ ಅಲ್ಲ. ಅದಕ್ಕೂ 273 ಡಿಗ್ರಿ ಕೆಳಗಿರುವ ನಿಜವಾದ ಸೊನ್ನೆಯಿಂದ ಎಣಿಸಬೇಕು. ಹಾಗೆ ಎಣಿಸಿದರೆ ಮೊದಲನೆಯದು 1200 ಕೆಲ್ವಿನ್, ಎರಡನೆಯದು 600. ಸರಿಯಾಗಿ ಅರ್ಧ.

ಬಿಸಿ ವಸ್ತು ಸೂಸುವ ಶಕ್ತಿ ಅದರ ಕೆಲ್ವಿನ್ ತಾಪದ ನಾಲ್ಕನೇ ಘಾತದಂತೆ ಏರುತ್ತದೆ. ಅಂದರೆ ತಾಪ ಅರ್ಧವಾದರೆ ಶಕ್ತಿ ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಕಿಟ್ಟ ಹಿಡಿದ ಉಕ್ಕಿನ ಮೈ ಪರಿಪೂರ್ಣ ಕಪ್ಪು ವಸ್ತುವಿನ ಸುಮಾರು 80 ಪ್ರತಿಶತ ಸೂಸುತ್ತದೆ ಎಂದು ಹಿಡಿದರೆ, 1200 ಕೆಲ್ವಿನ್‌ನಲ್ಲಿ ನಮ್ಮ ಗುಂಡು ಸುಮಾರು 2,950 ವಾಟ್ ಚೆಲ್ಲುತ್ತಿರುತ್ತದೆ. ಒಂದು ಹಿಡಿಗಾತ್ರದ ಉಕ್ಕು ಮೂರು ಇಸ್ತ್ರಿ ಪೆಟ್ಟಿಗೆಗಳಷ್ಟು! 600ಕ್ಕೆ ಇಳಿದಾಗ ಉಳಿಯುವುದು 185 ವಾಟ್. ಹಳೇ ಕಾಲದ 60 ವಾಟಿನ ಮೂರು ಬಲ್ಬುಗಳಷ್ಟು.

ಈ ನಾಲ್ಕನೇ ಘಾತ ಸಿಕ್ಕ ಬಗೆಯೂ ಎರಡು ತಾಪಗಳ ಹೋಲಿಕೆಯೇ. ಜಾನ್ ಟಿಂಡಾಲ್ ಪ್ಲಾಟಿನಂ ತಂತಿಯನ್ನು ಕಾಯಿಸಿ ಅದು ಸೂಸುವ ಶಾಖವನ್ನು ಅಳೆದಿದ್ದ. ಮಸುಕು ಕೆಂಪಿನಿಂದ ಬಿಳಿಗಾವಿಗೆ, ಅಂದರೆ ಸುಮಾರು 525 ಡಿಗ್ರಿಯಿಂದ 1200 ಡಿಗ್ರಿಗೆ ಹೋದಾಗ ಶಾಖ 11.7 ಪಟ್ಟು ಆಗಿತ್ತು. 1879ರಲ್ಲಿ ವಿಯೆನ್ನಾದ ಜೋಸೆಫ್ ಸ್ಟೀಫಾನ್ ಆ ಎರಡು ತಾಪಗಳಿಗೂ 273 ಸೇರಿಸಿ, ಅನುಪಾತವನ್ನು ನಾಲ್ಕನೇ ಘಾತಕ್ಕೆ ಏರಿಸಿ ನೋಡಿದರೆ 11.6 ಬಂತು. ಇದರಲ್ಲಿ ಅದೃಷ್ಟದ ಪಾಲು ದೊಡ್ಡದು. ತಾಪಗಳು ಬಣ್ಣ ನೋಡಿ ಅಂದಾಜು ಮಾಡಿದವು. ಮೇಲಾಗಿ ಪ್ಲಾಟಿನಂ ಆ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವ ಲೋಹವೂ ಅಲ್ಲ. ಆದರೂ ನಿಯಮ ನಿಂತಿತು; ಐದು ವರ್ಷಗಳ ನಂತರ ಬೋಲ್ಟ್ಸ್‌ಮನ್ ಅದಕ್ಕೆ ಸಿದ್ಧಾಂತದ ಬುಡ ಕಟ್ಟಿದ.

ಹದಿನಾರು ಪಟ್ಟು ಎಂಬುದು ದೊಡ್ಡದೇ, ಆದರೆ ನನ್ನನ್ನು ಬೆಚ್ಚಿಸಿದ್ದು ಅದಲ್ಲ. ತಾಪ ಇಳಿದಂತೆ ಸೂಸುವ ಅಲೆಗಳೂ ಉದ್ದವಾಗುತ್ತವೆ. 1200 ಕೆಲ್ವಿನ್‌ನಲ್ಲಿ ಅತಿ ಹೆಚ್ಚು ಹೊಮ್ಮುವ ಅಲೆಯ ಉದ್ದ 2.4 ಮೈಕ್ರಾನ್, 600ರಲ್ಲಿ 4.8. ನಮ್ಮ ಕಣ್ಣಿಗೆ ಕಾಣುವ ಕೆಂಪು ಸುಮಾರು 0.65 ಮೈಕ್ರಾನಿನದು. ಅಂದರೆ ಧಗಧಗಿಸುವ ಗುಂಡಿನ ಶಿಖರವೂ ಕಣ್ಣಿನ ವ್ಯಾಪ್ತಿಯ ಆಚೆಗೇ ಇದೆ. ನಾವು ನೋಡಿ ಬೆರಗಾಗುವ ಆ ಕೆಂಪು, ಬೆಟ್ಟದ ಕಡಿದಾದ ಬದಿಯಿಂದ ಜಾರಿಬಿದ್ದ ಒಂದಿಷ್ಟು ಪುಡಿ ಮಾತ್ರ. ತಾಪ ಅರ್ಧವಾದಾಗ ಈ ಪುಡಿಗೆ ಏನಾಗುತ್ತದೆ? ಹದಿನಾರರಲ್ಲಿ ಒಂದು ಪಾಲಲ್ಲ. ಹತ್ತು ಕೋಟಿಯಲ್ಲಿ ಒಂದು ಪಾಲು.

ನಾನೂ ನಂಬದೆ ಎರಡು ಸಲ ಲೆಕ್ಕ ಮಾಡಿದೆ. ಕಾರಣ ಸರಳ. ಬೆಳಕು ಬಿಡಿ ಪೊಟ್ಟಣಗಳಾಗಿ ಹೊರಡುತ್ತದೆ, ಕೆಂಪು ಪೊಟ್ಟಣದ ಬೆಲೆ ಎಂದಿಗೂ ಅಷ್ಟೇ. 1200 ಕೆಲ್ವಿನ್‌ನಲ್ಲಿ ಒಂದು ಕಂಪನಕ್ಕೆ ಸಿಗುವ ಸಾಮಾನ್ಯ ಶಾಖದ ಪಾಲಿಗೆ ಹೋಲಿಸಿದರೆ ಆ ಬೆಲೆ ಸುಮಾರು 18 ಪಟ್ಟು. 600ಕ್ಕೆ ಬಂದರೆ ಪಾಲು ಅರ್ಧವಾಗಿ ಬೆಲೆ 37 ಪಟ್ಟಾಗುತ್ತದೆ. ಇಂಥ ದುಬಾರಿ ಪೊಟ್ಟಣಕ್ಕೆ ಬೇಕಾದಷ್ಟು ಶಕ್ತಿ ಒಂದೆಡೆ ಕೂಡುವ ಸಂಭವ ಒಂದೊಂದು ಮೆಟ್ಟಿಲಿಗೂ 2.7 ಪಟ್ಟು ಕುಸಿಯುತ್ತದೆ. ಹದಿನೆಂಟೂವರೆ ಮೆಟ್ಟಿಲು ಇಳಿದರೆ ಹತ್ತು ಕೋಟಿ. ಸುಮಾರು 525 ಡಿಗ್ರಿ ಸೆಲ್ಸಿಯಸ್‌ನ ಕೆಳಗೆ, ಕತ್ತಲ ಕೋಣೆಯಲ್ಲೂ, ಕಣ್ಣು ಸೋಲುವುದು ಇದಕ್ಕೇ.

ಚರ್ಮವಾದರೂ ಎಚ್ಚರಿಸೀತೇ? ಗುಂಡಿನ ನಡುವಿನಿಂದ ಒಂದು ಅಡಿ ದೂರದಲ್ಲಿ ಕೈ ಹಿಡಿಯಿರಿ. ಕೆಂಪು ಗುಂಡು ಅಲ್ಲಿ ಚದರ ಮೀಟರಿಗೆ ಸುಮಾರು 2,600 ವಾಟ್ ಸುರಿಯುತ್ತದೆ, ಕೃಷ್ಣಗಿರಿಯ ನಡುಮಧ್ಯಾಹ್ನದ ಬಿಸಿಲಿನ ಎರಡೂವರೆ ಪಟ್ಟು. ಕೈ ತಾನಾಗಿ ಹಿಂದೆ ಸರಿಯುತ್ತದೆ. ಕಪ್ಪು ಗುಂಡಿನಿಂದ ಬರುವುದು ಅದೇ ಅಳತೆಗೆ 160 ವಾಟ್, ಮುಂಜಾನೆಯ ಎಳೆಬಿಸಿಲಿನಂತೆ. ಇಂಥ ಗುಂಡನ್ನು ಯಾರು ಅನುಮಾನಿಸುತ್ತಾರೆ? ಮುಟ್ಟಿದ ಕೈಗೆ ಸಿಗುವುದು ಮಾತ್ರ 327 ಡಿಗ್ರಿ, ಕಾದ ಎಣ್ಣೆಗಿಂತ ಎಷ್ಟೋ ಮೇಲೆ. ಕಮ್ಮಾರರು ಹಿಂಗೈಯನ್ನು ನಾಲ್ಕು ಬೆರಳಿನ ಅಂತರಕ್ಕೆ ಒಯ್ದು ನೋಡುವುದುಂಟು. ಅಷ್ಟು ಹತ್ತಿರದಲ್ಲಿ ಕಪ್ಪು ಗುಂಡೂ ಮಧ್ಯಾಹ್ನದ ಬಿಸಿಲನ್ನು ಮೀರುತ್ತದೆ, ತೆಳು ಚರ್ಮ ಥಟ್ಟನೆ ಹೇಳುತ್ತದೆ.

ಮೋಸ ಇನ್ನೊಂದಿದೆ, ಅದು ಕಾಲದ್ದು. ವಿಕಿರಣವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಗುಂಡು 1200ರಿಂದ 900 ಕೆಲ್ವಿನ್‌ಗೆ ಇಳಿಯಲು ಸುಮಾರು 8 ನಿಮಿಷ ಸಾಕು. ಮುಂದಿನ 300 ಡಿಗ್ರಿಗೆ 32 ನಿಮಿಷ ಬೇಕು. ಎಂಟು ನಿಮಿಷದಲ್ಲಿ ಕೆಂಪು ಮಸುಕಾದದ್ದು ನೋಡಿದವರು ಇನ್ನೆಂಟು ನಿಮಿಷದಲ್ಲಿ ಆರೀತು ಎಂದುಕೊಳ್ಳುತ್ತಾರೆ. ಈ ಅಂಕಿಗಳು ಶೆಡ್ಡಿನಲ್ಲಿ ಹೀಗೇ ಬರುವುದಿಲ್ಲ. ಗಾಳಿಯೂ ಶಾಖ ಒಯ್ಯುತ್ತದೆ: ಕೆಂಪಗಿರುವಾಗ ವಿಕಿರಣದ ಹತ್ತರಲ್ಲಿ ಒಂದು ಪಾಲಷ್ಟು, 600ರ ಹೊತ್ತಿಗೆ ಹತ್ತಿರ ಹತ್ತಿರ ಅರ್ಧದಷ್ಟು. ಹಾಗಾಗಿ 32 ನಿಮಿಷ ಇಪ್ಪತ್ತೈದರ ಸುಮಾರಿಗೆ ಬಂದೀತು. ಮೊದಲ ಎಂಟು ನಿಮಿಷ ಮಾತ್ರ ತುಸು ಹಿಗ್ಗುತ್ತದೆ. 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಉಕ್ಕಿನ ಒಳಗಿನ ಹರಳುಕಟ್ಟು ಬದಲಾಗಿ ಬಚ್ಚಿಟ್ಟ ಶಾಖ ಹೊರಬರುತ್ತದೆ. ಆರುತ್ತಿರುವ ಉಕ್ಕು ಕ್ಷಣಹೊತ್ತು ಮತ್ತೆ ಕೆಂಪೇರುವುದೂ ಉಂಟು.

ಇದೇ ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈಯಲ್ಲಿ ಸಿಕ್ಕ ಕಬ್ಬಿಣದ ಕಾಲ ಕ್ರಿ.ಪೂ. 2172 ಎಂದು ತಮಿಳುನಾಡು ಸರ್ಕಾರ 2022ರಲ್ಲಿ ಪ್ರಕಟಿಸಿತು. ಆ ಕಾಲದ ಕಮ್ಮಾರನ ಬಳಿ ತಾಪಮಾಪಕ ಇರಲಿಲ್ಲ, ಕಣ್ಣಿತ್ತು. ಕಣ್ಣು ಅಷ್ಟು ನಂಬಿಗಸ್ತ ಸಾಧನವಾದದ್ದೂ ಆ ಕಡಿದಾದ ಇಳಿಜಾರಿನಿಂದಲೇ. 1200 ಕೆಲ್ವಿನ್ ಬಳಿ ತಾಪ ಒಂದು ಪ್ರತಿಶತ ಏರಿದರೆ ಒಟ್ಟು ಶಕ್ತಿ 4 ಪ್ರತಿಶತ ಏರುತ್ತದೆ, ಆದರೆ ಕೆಂಪು ಬೆಳಕು 20 ಪ್ರತಿಶತದಷ್ಟು ಹೆಚ್ಚುತ್ತದೆ.

ಮೇಸ್ತ್ರಿಯ ಶೆಡ್ಡಿನಲ್ಲಿ ಈಗ ಪಿಸ್ತೂಲಿನಂಥ ಇನ್ಫ್ರಾರೆಡ್ ಥರ್ಮಾಮೀಟರ್ ಇದೆ. ಕಿಟ್ಟ ಹಿಡಿದ ಮೈಗೆ ಗುರಿಯಿಟ್ಟರೆ ಅದು ಸತ್ಯಕ್ಕೆ ಹತ್ತಿರದ ಅಂಕಿ ತೋರಿಸುತ್ತದೆ. ಉಜ್ಜಿ ಹೊಳೆಯುವ ಮೈ ಕಡಿಮೆ ಸೂಸುವುದರಿಂದ ಅಲ್ಲಿ ತೀರಾ ಕಡಿಮೆ ತೋರಿಸುತ್ತದೆ. ಅವರು ಅದನ್ನು ಜೇಬಿಗೆ ಹಾಕಿಕೊಂಡು, ಮೂಲೆಯ ಕಪ್ಪು ತುಂಡುಗಳ ಸುತ್ತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಊಟಕ್ಕೆ ಹೋದರು.