ಮುಚ್ಚಳಕ್ಕೆ ಬಂದ ಆನೆಕಾಲು

ನಮ್ಮಲ್ಲಿ ಆನೆಕಾಲು ಎಂದರೆ ಸೊಳ್ಳೆಯಿಂದ ಬರುವ ರೋಗ. ತ್ರೀಡಿ ಪ್ರಿಂಟರ್ ಇಟ್ಟುಕೊಂಡವರಿಗೆ ಅದು ಬೇರೆಯೇ ತಲೆನೋವು. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ, ಪದರದ ಮೇಲೆ ಪದರ ಹಾಕಿ ಕಟ್ಟಿದ ವಸ್ತು ಮೇಲೆಲ್ಲ ನೆಟ್ಟಗಿದ್ದು ಬುಡದಲ್ಲಿ ಮಾತ್ರ ತುಸು ಹೊರಚಾಚಿರುತ್ತದೆ. ಹೂಕುಂಡಕ್ಕಾದರೆ ಅದು ಲೆಕ್ಕಕ್ಕಿಲ್ಲ. ಡಬ್ಬಿಯೊಳಗೆ ಕೂರಬೇಕಾದ ಮುಚ್ಚಳವಾದರೆ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ.

ಮದ್ದು ಎರಡಿವೆ. ವಸ್ತು ನಿಲ್ಲುವ ಬಿಸಿ ಹಲಗೆಯ, ಅಂದರೆ ಬೆಡ್‌ನ, ಶಾಖ ತಗ್ಗಿಸುವುದು ಒಂದು. ಚಿತ್ರವನ್ನು ಪದರಗಳಾಗಿ ಸೀಳುವ ಸ್ಲೈಸರ್ ತಂತ್ರಾಂಶಕ್ಕೆ ಮೊದಲ ಪದರವನ್ನು ಕಿರಿದಾಗಿ ಹಾಕು ಎಂದು ಹೇಳುವುದು ಇನ್ನೊಂದು. ಯಾವುದು ಮೇಲು ಎಂದು ವಾದಕ್ಕಿಳಿಯುವ ಮೊದಲು ಬುಡದ ಅಂಚನ್ನು ಉಗುರಿನಿಂದ ಸವರಿ ನೋಡಿ. ಉಬ್ಬು ಒಂದೇ ಪದರಕ್ಕೆ ನಿಂತಿದ್ದರೆ, ಅಂಟಿಕೊಳ್ಳಲೆಂದು ನಾಜಲ್ ಮೊದಲ ಪದರವನ್ನು ಅದುಮಿದ್ದರಿಂದ ಅದು ಅಗಲವಾಗಿದೆ. ನಾಲ್ಕಾರು ಪದರ ಮೇಲೇರಿದ್ದರೆ ತಪ್ಪು ಶಾಖದ್ದು. ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ; ಬೆಡ್ ಕೂಡ ಅಷ್ಟೇ ಬಿಸಿಯಿದ್ದರೆ ಕೆಳಪದರಗಳು ಗಟ್ಟಿಯಾಗದೆ, ಮೇಲಿನವುಗಳ ಒತ್ತಡಕ್ಕೆ ಹೊರಗೆ ಉಬ್ಬುತ್ತವೆ.

ನನ್ನ ಮುಚ್ಚಳದಲ್ಲಿ ಎರಡೂ ಸೇರಿಕೊಂಡಿದ್ದವು. ಪರೀಕ್ಷೆಗೆಂದು 20 ಮಿ.ಮೀ. ಘನವೊಂದನ್ನು ಮುದ್ರಿಸಿ ಕ್ಯಾಲಿಪರ್ ಹಿಡಿದೆ. ನಡುವೆ 20.02, ಬುಡದಲ್ಲಿ 20.42, ಉಬ್ಬು ನಾಲ್ಕು ಪದರ ಏರಿತ್ತು. ಮೊದಲ ಪದರಕ್ಕೆ 60 ಡಿಗ್ರಿಯನ್ನೇ ಉಳಿಸಿ, ಉಳಿದವಕ್ಕೆ 55 ಮಾಡಿದೆ. ಬಹುತೇಕ ಸ್ಲೈಸರ್‌ಗಳಲ್ಲಿ ಇವೆರಡನ್ನೂ ಬೇರೆಬೇರೆಯಾಗಿ ಕೊಡಬಹುದು. ಈಗ ಬುಡ 20.26ಕ್ಕೆ ಇಳಿಯಿತು, ಉಬ್ಬು ಒಂದೇ ಪದರಕ್ಕೆ ನಿಂತಿತು. ಇನ್ನೂ ತಗ್ಗಿಸುವ ಆಸೆಗೆ 45ಕ್ಕೆ ಇಳಿಸಿದರೆ ಮೂಲೆಯೊಂದು ಬೆಡ್ ಬಿಟ್ಟು ಮೇಲೆದ್ದಿತು. ಶಾಖದಿಂದ ಆಗುವುದು ಅಷ್ಟೇ ಎಂದು 55ಕ್ಕೇ ಮರಳಿದೆ.

ಉಳಿದ 0.24 ಮಿ.ಮೀ. ಸ್ಲೈಸರ್‌ನ ಪಾಲಿಗೆ ಬಂತು. PrusaSlicerನಲ್ಲಿ ಆ ಸೆಟ್ಟಿಂಗ್‌ನ ಹೆಸರು `Elephant foot compensation`. Curaದಲ್ಲಿ `Initial Layer Horizontal Expansion`, ಅಲ್ಲಿ ಸಂಖ್ಯೆಯ ಹಿಂದೆ ಮೈನಸ್ ಹಾಕಬೇಕು, ಮರೆತರೆ ಆನೆಕಾಲು ಇನ್ನಷ್ಟು ಊದುತ್ತದೆ. ಹಲವರು ಎಡವುವುದು ಇನ್ನೊಂದು ಕಡೆ: ಈ ಸಂಖ್ಯೆ ಪ್ರತಿ ಬದಿಯದ್ದು. ಕ್ಯಾಲಿಪರ್ ಎರಡೂ ಬದಿಯ ಉಬ್ಬನ್ನು ಒಟ್ಟಿಗೆ ಅಳೆಯುತ್ತದೆ, ಹಾಗಾಗಿ ಅರ್ಧ, ಅಂದರೆ 0.12 ಕೊಟ್ಟೆ. ಮುಚ್ಚಳ ಕೂತಿತು.

ಮೊದಲೇ ಸ್ಲೈಸರ್‌ಗೆ ಕೈಹಾಕಿ 0.2 ಕೊಟ್ಟಿದ್ದರೆ? ಮೊದಲ ಪದರವಷ್ಟೇ ಒಳಸರಿದು, ಅದರ ಮೇಲಿನ ಮೂರು ಪದರ ಉಬ್ಬಿಕೊಂಡೇ ಇರುತ್ತಿದ್ದವು. ಬುಡದಲ್ಲಿ ಸಣ್ಣ ಅಕ್ಷರ ಕೆತ್ತಿದ ವಸ್ತುವಿನಲ್ಲೂ ಈ ಸೆಟ್ಟಿಂಗ್ ಹುಷಾರು: ಅದು ಮೊದಲ ಪದರದ ರಂಧ್ರಗಳನ್ನು ಅಗಲಿಸುತ್ತದೆ, ತೆಳ್ಳನೆಯ ಗೆರೆಗಳನ್ನು ಎರಡೂ ಬದಿಯಿಂದ ತಿನ್ನುತ್ತದೆ. ಅಂಥವಕ್ಕೆ ನಾನು ಇದನ್ನು ಸೊನ್ನೆಗಿಟ್ಟು, ಮುದ್ರಣವಾದ ಮೇಲೆ ಹೊರ ಅಂಚನ್ನು ಬ್ಲೇಡಿನಿಂದ ಹೆರೆಯುತ್ತೇನೆ.