ಟಾನಿಕ್ ಬಾಟಲಿಯ ಹಿಂಬದಿ ಓದೋಣ

ಮೈಸೂರಿನ ಬಡಾವಣೆಯೊಂದರ ಹಿರಿಯ ನಾಗರಿಕರ ಬಳಗಕ್ಕೆ ಆ ಸಂಜೆ ಉಪನ್ಯಾಸ ಕೊಡಲು ಬಂದವರು ನಿವೃತ್ತ ಆಯುರ್ವೇದ ವೈದ್ಯರು. ಮನೆಯಲ್ಲಿರುವ ಟಾನಿಕ್ಕು, ಲೇಹ್ಯ, ಚೂರ್ಣಗಳನ್ನು ಜೊತೆಗೇ ತನ್ನಿ ಎಂದು ಮೊದಲೇ ಹೇಳಿ ಕಳಿಸಿದ್ದರು. ಮೇಜು ತುಂಬಿತು. ಅದರಿಂದ ಅವರು ಆರಿಸಿಕೊಂಡದ್ದು ಎರಡೇ ಬಾಟಲಿ: ಔಷಧಿ ಅಂಗಡಿಯಲ್ಲಿ ಕೊಂಡ ಅಶ್ವಗಂಧಾರಿಷ್ಟ ಮತ್ತು ಟಿ.ವಿ. ಜಾಹೀರಾತು ನೋಡಿ ಫೋನಿನಲ್ಲಿ ತರಿಸಿದ ಸಕ್ಕರೆ ಕಾಯಿಲೆಯ ಸಿರಪ್ಪು.

ಮೊದಲ ಬಾಟಲಿಯ ಹಿಂಬದಿಯನ್ನು ಒಬ್ಬ ನಿವೃತ್ತ ಮೇಷ್ಟ್ರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದರು. ಆಯುರ್ವೇದದ ಔಷಧಿ ಎಂಬ ಮಾತು, ಪ್ರತಿ ಮೂಲಿಕೆಯ ಹೆಸರು, ಅದರ ಸಸ್ಯಶಾಸ್ತ್ರೀಯ ಹೆಸರು, ಎಷ್ಟು ಪ್ರಮಾಣ ಎಂಬುದು, ತಯಾರಿಕೆಗೆ ಆಧಾರವಾದ ಗ್ರಂಥ ಭೈಷಜ್ಯ ರತ್ನಾವಳಿ ಎಂಬ ಉಲ್ಲೇಖ, ತಯಾರಕರ ಪೂರ್ಣ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ದಿನಾಂಕ, ಅವಧಿ ಮುಗಿಯುವ ದಿನಾಂಕ. 1945ರ ಔಷಧ ನಿಯಮಗಳು ಕೇಳುವುದು ಇದನ್ನೇ. ‘ಸರಿ, ಕಾಗದಪತ್ರ ಚೆನ್ನಾಗಿದೆ. ಆದರೆ ನಿಮಗೆ ಆಗುತ್ತದೆಯೇ ಎಂಬುದು ಬೇರೆ ಪ್ರಶ್ನೆ’ ಎಂದರು ವೈದ್ಯರು.

ಅರಿಷ್ಟವೆಂದರೆ ಕಷಾಯಕ್ಕೆ ಜೇನು ಅಥವಾ ಬೆಲ್ಲ ಸೇರಿಸಿ ಹುದುಗಿಸಿದ ದ್ರವ. ಸಿಹಿ ಇದ್ದೇ ಇರುತ್ತದೆ. ಹುದುಗುವಾಗ ತಾನಾಗಿ ಹುಟ್ಟುವ ಮದ್ಯಸಾರವೂ ಸಾಮಾನ್ಯವಾಗಿ ಶೇಕಡಾ 5ರಿಂದ 10ರಷ್ಟು ಇರುತ್ತದೆ. ಸಕ್ಕರೆ ಕಾಯಿಲೆಯವರು, ನಿದ್ರೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಪಟ್ಟಿಯಲ್ಲಿ ‘ಯಷ್ಟಿ’ ಎಂದಿರುವುದು ನಮ್ಮ ಅತಿಮಧುರ. ಅದನ್ನು ಹೆಚ್ಚು ಪ್ರಮಾಣದಲ್ಲಿ, ಬಹಳ ದಿನ ಸೇವಿಸಿದರೆ ಬಿ.ಪಿ. ಏರುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ಮೂಲಿಕೆ ಅಂದ ಮಾತ್ರಕ್ಕೆ ಅಪಾಯವಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿದೆಯೆಂದರೆ, ಈ ಮಾತಿಗೆ ಸಭೆಯಲ್ಲಿ ಒಂದು ಕ್ಷಣ ಗುಜುಗುಜು ಎದ್ದಿತು.

ಎರಡನೆಯ ಬಾಟಲಿಯ ಮುಂಬದಿಯಲ್ಲಿ ದಪ್ಪಕ್ಷರ: ‘ಮಧುಮೇಹ ಬುಡಸಮೇತ ಮಾಯ, ಅಡ್ಡಪರಿಣಾಮ ಇಲ್ಲವೇ ಇಲ್ಲ’. ಹಿಂಬದಿಯಲ್ಲಿ ‘21 ಅಪರೂಪದ ಮೂಲಿಕೆಗಳು’ ಎಂದಷ್ಟೇ ಇತ್ತು. ಯಾವುವು, ಎಷ್ಟೆಷ್ಟು ಎಂಬುದಿಲ್ಲ. ಔಷಧ ಪರವಾನಗಿಯ ಸಂಖ್ಯೆ ಇರಬೇಕಾದ ಕಡೆ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆ. ಅಂದರೆ ಕಾಗದದಲ್ಲಿ ಇದು ಔಷಧಿಯಲ್ಲ, ಆಹಾರ. ಆಹಾರಕ್ಕೆ ರೋಗ ಗುಣಪಡಿಸುತ್ತೇನೆ ಎಂದು ಹೇಳಿಕೊಳ್ಳುವ ಹಕ್ಕೇ ಇಲ್ಲ.

ಔಷಧಿಯೆಂದು ಪರವಾನಗಿ ಪಡೆದಿದ್ದರೂ ಆ ದಪ್ಪಕ್ಷರ ತಪ್ಪೇ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಬಂದದ್ದು 1954ರಲ್ಲಿ. ಅದರ ಪಟ್ಟಿಯಲ್ಲಿ ಮಧುಮೇಹ, ಕ್ಯಾನ್ಸರ್, ರಕ್ತದೊತ್ತಡ, ಪಾರ್ಶ್ವವಾಯು, ಕಣ್ಣಿನ ಪೊರೆ ಸೇರಿ 54 ಕಾಯಿಲೆಗಳಿವೆ. ಇವನ್ನು ವಾಸಿಮಾಡುತ್ತೇವೆಂದು ಜನರಿಗೆ ಜಾಹೀರಾತು ಕೊಡುವಂತಿಲ್ಲ. ಬಾಟಲಿಗೆ ಅಂಟಿಸಿದ ಚೀಟಿಯೂ ಈ ಕಾಯ್ದೆಯ ಲೆಕ್ಕದಲ್ಲಿ ಜಾಹೀರಾತೇ. ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಜೈಲು ಆಗಬಹುದು. ದೊಡ್ಡ ಕಂಪನಿಗಳೂ ಇದರಿಂದ ಹೊರತಲ್ಲ: ದಾರಿ ತಪ್ಪಿಸುವ ಜಾಹೀರಾತುಗಳ ಪ್ರಕರಣದಲ್ಲಿ 2024ರಲ್ಲಿ ಪತಂಜಲಿ ಸಂಸ್ಥೆ ಪತ್ರಿಕೆಗಳಲ್ಲಿ ಬಹಿರಂಗ ಕ್ಷಮಾಪಣೆ ಪ್ರಕಟಿಸಬೇಕಾಯಿತು.

ಅಷ್ಟರಲ್ಲಿ ಹಿರಿಯ ಮಹಿಳೆಯೊಬ್ಬರು ಎದ್ದರು. ‘ಡಾಕ್ಟ್ರೇ, ನನ್ನ ತಂಗಿಗೆ ಇಂಥದ್ದೇ ಪುಡಿಯಿಂದ ಎರಡೇ ವಾರಕ್ಕೆ ಶುಗರ್ ಇಳೀತಲ್ಲ?’

‘ಅದಕ್ಕೇ ನನಗೆ ಹೆದರಿಕೆ ಅಮ್ಮ’ ಎಂದರು ಅವರು. ಗಿಡಮೂಲಿಕೆಯ ಹೆಸರಿನ ಶುಗರ್ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್, ಮೆಟ್‌ಫಾರ್ಮಿನ್‌ನಂಥ ಅಲೋಪಥಿ ಔಷಧಿಗಳೂ ಮಂಡಿನೋವಿನ ಪುಡಿಗಳಲ್ಲಿ ಸ್ಟಿರಾಯ್ಡ್‌ಗಳೂ ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಸಿಕ್ಕಿವೆ. ಚೀಟಿಯಲ್ಲಿ ಅವುಗಳ ಸುಳಿವೂ ಇರುವುದಿಲ್ಲ. ಡಾಕ್ಟರು ಬರೆದುಕೊಟ್ಟ ಮಾತ್ರೆಯ ಜೊತೆಗೆ ಇದೂ ಸೇರಿದರೆ ಶುಗರ್ ಅತಿಯಾಗಿ ಇಳಿದು ಬೆವರು, ನಡುಕ, ಗಲಿಬಿಲಿ ಶುರುವಾಗುತ್ತದೆ. ವಯಸ್ಸಾದವರು ಬಿದ್ದು ಮೂಳೆ ಮುರಿದುಕೊಳ್ಳುತ್ತಾರೆ. ಮಂಡಿನೋವಿನ ಪುಡಿಯನ್ನು ತಿಂಗಳುಗಟ್ಟಲೆ ತಿಂದಿದ್ದರೆ ದಿಢೀರನೆ ನಿಲ್ಲಿಸುವುದೂ ಅಪಾಯ. ಒಳಗೆ ಸ್ಟಿರಾಯ್ಡ್ ಇದ್ದರೆ ಅದನ್ನು ವೈದ್ಯರ ನಿಗಾದಲ್ಲಿ ಹಂತಹಂತವಾಗಿಯೇ ಬಿಡಬೇಕು. ಡಬ್ಬಿಯ ಸಮೇತ ವೈದ್ಯರ ಬಳಿ ಹೋಗುವುದೇ ಸರಿಯಾದ ದಾರಿ.

‘ಆಯುಷ್ ಸಚಿವಾಲಯದ ಅನುಮೋದನೆ ಪಡೆದದ್ದು’ ಎಂಬ ಮುದ್ರೆ ಕಂಡರೂ ಮರುಳಾಗಬೇಕಿಲ್ಲ. ತಯಾರಿಕೆಯ ಪರವಾನಗಿ ಕೊಡುವುದು ರಾಜ್ಯದ ಅಧಿಕಾರಿಗಳು. ಯಾವ ಉತ್ಪನ್ನಕ್ಕೂ ತಾನು ಪ್ರಮಾಣಪತ್ರ ಕೊಡುವುದಿಲ್ಲ ಎಂದು ಸಚಿವಾಲಯವೇ ಸಾರ್ವಜನಿಕ ಪ್ರಕಟಣೆಯಲ್ಲಿ ಹೇಳಿದೆ.

ಚೀಟಿ ಓದುವುದಕ್ಕೂ ಮಿತಿಯಿದೆ. ಬಾಟಲಿಯೊಳಗೆ ನಿಜಕ್ಕೂ ಏನಿದೆ ಎಂಬುದನ್ನು ಪ್ರಯೋಗಾಲಯ ಮಾತ್ರ ಹೇಳಬಲ್ಲದು. ಆದ್ದರಿಂದ ಅನುಮಾನ ಬಂದರೆ ಬಾಟಲಿಯನ್ನು ಕಸಕ್ಕೆ ಎಸೆಯಬೇಡಿ. ಉಳಿದ ಔಷಧಿ, ಬಿಲ್ಲು, ಜಾಹೀರಾತಿನ ಕತ್ತರಿಕೆ ಅಥವಾ ಫೋಟೊ ಇಟ್ಟುಕೊಂಡು, ಬ್ಯಾಚ್ ಸಂಖ್ಯೆ ಬರೆದು, ರಾಜ್ಯದ ಆಯುಷ್ ಇಲಾಖೆಗೆ ದೂರು ಕೊಡಿ. ಆಹಾರವೆಂದು ಮಾರಿದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಿ.