ಹೊಸ ಪ್ರೋಟಾನ್ ಕೈಬಿಟ್ಟ ಆಟ, ಲಾಗ್ ತೋರಿಸಿದ ದಾರಿ

ಲಿನಕ್ಸ್ ಕಂಪ್ಯೂಟರಿನಲ್ಲಿ ಸ್ಟೀಮ್ ತೆರೆದು ವಿಂಡೋಸ್ ಆಟವೊಂದರ ಹಸಿರು ‘ಪ್ಲೇ’ ಗುಂಡಿ ಒತ್ತುತ್ತೀರಿ. ಅದು ‘ಸ್ಟಾಪ್’ ಎಂದು ಬದಲಾಗುತ್ತದೆ, ಕೆಲವೇ ಸೆಕೆಂಡಿನಲ್ಲಿ ಮತ್ತೆ ‘ಪ್ಲೇ’ ಆಗಿಬಿಡುತ್ತದೆ. ಆಟವೂ ಬರಲಿಲ್ಲ, ಏಕೆ ಬರಲಿಲ್ಲ ಎಂಬ ಮಾತೂ ಇಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಪ್ರೋಟಾನಿನ ಆವೃತ್ತಿಗಳನ್ನು ಒಂದರ ನಂತರ ಒಂದರಂತೆ ಬದಲಿಸಿ ನೋಡುತ್ತಾ ಕೂರುತ್ತಾರೆ. ಅದೃಷ್ಟವಿದ್ದರೆ ಯಾವುದೋ ಒಂದು ಕೆಲಸ ಮಾಡುತ್ತದೆ, ಆದರೆ ಏಕೆ ಮಾಡಿತು ಎಂಬುದು ತಿಳಿಯುವುದಿಲ್ಲ. ಮುಂದಿನ ಆಟ ಕೈಕೊಟ್ಟಾಗ ಮತ್ತೆ ಮೊದಲಿಂದ ಶುರು. ಅದಕ್ಕಿಂತ ಹತ್ತು ನಿಮಿಷ ಲಾಗ್ ಓದುವುದು ಮೇಲು.

ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸಲು ವಾಲ್ವ್ ಕಂಪನಿ 2018ರ ಆಗಸ್ಟ್‌ನಲ್ಲಿ ಹೊರತಂದ ಸಾಧನ ಪ್ರೋಟಾನ್. ಅದು ಒಂದೇ ತಂತ್ರಾಂಶವಲ್ಲ, ಹಲವು ದುಭಾಷಿಗಳ ಒಂದು ತಂಡ. ವಿಂಡೋಸ್‌ಗೆಂದು ಬರೆದ ಸಾಮಾನ್ಯ ಕರೆಗಳನ್ನು ಲಿನಕ್ಸ್‌ಗೆ ತಿಳಿಸುವುದು ವೈನ್. ಚಿತ್ರ ಬಿಡಿಸಲು ಆಟಗಳು ಬಳಸುವ ಡೈರೆಕ್ಟ್‌3ಡಿ 9, 10, 11ರ ಕರೆಗಳನ್ನು ವಲ್ಕನ್ ಎಂಬ ವ್ಯವಸ್ಥೆಗೆ ಹೊಂದಿಸುವುದು ಡಿಎಕ್ಸ್‌ವಿಕೆ. ಡೈರೆಕ್ಟ್‌3ಡಿ 12ಕ್ಕೆ ಅದೇ ಕೆಲಸ ಮಾಡುವುದು ವಿಕೆಡಿ3ಡಿ-ಪ್ರೋಟಾನ್. ಪ್ರೋಟಾನಿನ ಆವೃತ್ತಿ ಬದಲಿಸಿದಾಗ ಈ ಇಡೀ ತಂಡವೇ ಬದಲಾಗುತ್ತದೆ. ಆದ್ದರಿಂದ ಸೋತದ್ದು ತಂಡದಲ್ಲಿ ಯಾರು ಎಂದು ಗೊತ್ತಾಗದೆ ಆವೃತ್ತಿ ಆರಿಸುವುದು ಕತ್ತಲಲ್ಲಿ ಕೈಯಾಡಿಸಿದಂತೆಯೇ.

ಒಂದು ನಿಜವಾದ ತೊಡಕನ್ನೇ ತೆಗೆದುಕೊಳ್ಳೋಣ. ಕಂಪ್ಯೂಟರಿನಲ್ಲಿ ಎನ್‌ವಿಡಿಯಾದ ಹಳೆಯ ಜಿಟಿಎಕ್ಸ್ 660 ಕಾರ್ಡ್ ಇದೆ, ಆಡಬೇಕಾದದ್ದು ‘ಸ್ಕೈರಿಮ್ ಸ್ಪೆಷಲ್ ಎಡಿಷನ್’. ಆಟದ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’ ತೆರೆದು, ‘ಲಾಂಚ್ ಆಪ್ಷನ್ಸ್’ ಪೆಟ್ಟಿಗೆಯಲ್ಲಿ ಹೀಗೆ ಬರೆಯಬೇಕು:

```
PROTON_LOG=1 %command%
```

ಮತ್ತೊಮ್ಮೆ ಆಟ ಶುರುಮಾಡಿ, ಅದು ಬೀಳಲಿ. ಈಗ ನಿಮ್ಮ ಹೋಮ್ ಫೋಲ್ಡರಿನಲ್ಲಿ `steam-489830.log` ಎಂಬ ಕಡತ ಇರುತ್ತದೆ. 489830 ಎಂಬುದು ಸ್ಟೀಮ್ ಈ ಆಟಕ್ಕೆ ಕೊಟ್ಟಿರುವ ಸಂಖ್ಯೆ. ಬೇರೆ ಆಟಕ್ಕೆ ಬೇರೆ ಸಂಖ್ಯೆ. ಇದರ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಎತ್ತಿಟ್ಟುಕೊಳ್ಳಿ. ಆವೃತ್ತಿ ಬದಲಿಸಿದ ಮೇಲೆ ಬರುವ ಲಾಗ್ ಜೊತೆ ಹೋಲಿಸಲು ಬೇಕಾಗುತ್ತದೆ.

ಕಡತ ತೆರೆದರೆ ಸಾವಿರಾರು ಸಾಲು ಕಂಡು ಎದೆಗುಂದುವುದು ಸಹಜ. ಓದಬೇಕಾದದ್ದು ಅದರಲ್ಲಿ ಬಹಳ ಕಡಿಮೆ. ಮೊದಲು ನೆತ್ತಿ ನೋಡಿ: ಯಾವ ಪ್ರೋಟಾನ್ ಓಡಿತು, ಯಾವ ಕರ್ನಲ್ ಇದೆ ಎಂದು ಅಲ್ಲೇ ಬರೆದಿರುತ್ತದೆ. ನೀವು ಆರಿಸಿದ್ದೇ ಓಡಿದೆಯೇ ಎಂದು ಇಲ್ಲಿ ಖಚಿತವಾಗುತ್ತದೆ. ನಂತರ ಬರುವ `fixme:` ಸಾಲುಗಳನ್ನು ಬಹುಪಾಲು ದಾಟಿಬಿಡಬಹುದು. ವಿಂಡೋಸಿನ ಯಾವುದೋ ಕರೆಯನ್ನು ವೈನ್ ಇನ್ನೂ ಪೂರ್ತಿ ಬರೆದಿಲ್ಲ ಎಂಬ ಟಿಪ್ಪಣಿ ಅದು. ಚೆನ್ನಾಗಿ ಓಡುವ ಆಟದ ಲಾಗ್‌ನಲ್ಲೂ ರಾಶಿ ರಾಶಿ ಇರುತ್ತವೆ. ಎಕ್ಸೆಪ್ಷನ್ ಎಂದು ಕಂಡದ್ದೆಲ್ಲ ಅಪಘಾತವೂ ಅಲ್ಲ. `406d1388` ಎಂಬ ಸಂಖ್ಯೆ ಆಟ ತನ್ನ ಒಳಗಿನ ಥ್ರೆಡ್ಡಿಗೆ ಹೆಸರಿಡುವಾಗ ಬರುತ್ತದೆ, ಅದರಿಂದ ತೊಂದರೆಯಿಲ್ಲ. `c0000005` ಕಂಡರೆ ಮಾತ್ರ ನಿಲ್ಲಿ. ಮುಟ್ಟಬಾರದ ಮೆಮೊರಿಯನ್ನು ಪ್ರೋಗ್ರಾಂ ಮುಟ್ಟಿದೆ ಎಂದರ್ಥ. ಅದೂ ಹಲವು ಬಾರಿ ಪರಿಣಾಮವೇ ಹೊರತು ಕಾರಣವಲ್ಲ. ಕಾರಣ ಅದಕ್ಕಿಂತ ಮೇಲಿನ ಸಾಲುಗಳಲ್ಲಿರಬಹುದು, ಹಾಗಾಗಿ ಕೊನೆಯಿಂದ ಮೇಲಕ್ಕೆ ಓದಬೇಕು.

ನಮ್ಮ ಉದಾಹರಣೆಯಲ್ಲಿ ಹಾಗೆ ಮೇಲಕ್ಕೆ ಹೋದಾಗ ಸಿಗುವುದು ಇದು:

```
Skipping Vulkan 1.2 adapter: NVIDIA GeForce GTX 660
DXVK: No adapters found.
```

ಇಲ್ಲಿ ಮಾತಾಡುತ್ತಿರುವುದು ವೈನ್ ಅಲ್ಲ, ಆಟವೂ ಅಲ್ಲ, ಡಿಎಕ್ಸ್‌ವಿಕೆ. ಕಾರ್ಡ್ ಅದರ ಕಣ್ಣಿಗೆ ಬಿದ್ದಿದೆ, ಆದರೆ ಆ ಕಾರ್ಡಿನ ಡ್ರೈವರ್ ಒದಗಿಸುವುದು ವಲ್ಕನ್ 1.2 ಮಾತ್ರ ಎಂದು ಬಿಟ್ಟು ಮುಂದೆ ಹೋಗಿದೆ. ಬೇರೆ ಕಾರ್ಡ್ ಇಲ್ಲವಾದ್ದರಿಂದ ಆಟಕ್ಕೆ ಚಿತ್ರ ಬಿಡಿಸಲು ಜಾಗವೇ ಇಲ್ಲ. ಇದನ್ನು ಲಾಗ್‌ನ ಹೊರಗೂ ಪರೀಕ್ಷಿಸಬಹುದು. ಟರ್ಮಿನಲ್‌ನಲ್ಲಿ `vulkaninfo --summary` ಎಂದು ಕೊಟ್ಟು `apiVersion` ಎಂಬ ಸಾಲು ನೋಡಿ; ಅಲ್ಲೂ 1.2 ಎಂದೇ ಇದ್ದರೆ ಅನುಮಾನ ಉಳಿಯುವುದಿಲ್ಲ.

ಹಿನ್ನೆಲೆ ಹೀಗಿದೆ. ಡಿಎಕ್ಸ್‌ವಿಕೆ 2022ರ ನವೆಂಬರ್‌ನಲ್ಲಿ 2.0 ಆವೃತ್ತಿಗೆ ಏರಿದಾಗ ವಲ್ಕನ್ 1.3 ಇರಲೇಬೇಕೆಂಬ ನಿಯಮ ಬಂತು. 2023ರಲ್ಲಿ ಬಂದ ಪ್ರೋಟಾನ್ 8.0 ಆ ಹೊಸ ಡಿಎಕ್ಸ್‌ವಿಕೆಯನ್ನು ಒಳಗೊಂಡಿತು. ಜಿಟಿಎಕ್ಸ್ 660 ಸೇರಿದ ಕೆಪ್ಲರ್ ಪೀಳಿಗೆಯ ಕಾರ್ಡುಗಳಿಗೆ ಎನ್‌ವಿಡಿಯಾ ಕೊಟ್ಟ ಕೊನೆಯ ಡ್ರೈವರ್ ಸರಣಿ 470, ಅದರಲ್ಲಿ ವಲ್ಕನ್ ನಿಂತದ್ದು 1.2ಕ್ಕೆ. ಅಂದರೆ ಇಲ್ಲಿ ಹೊಸ ಪ್ರೋಟಾನ್ ಹಾಕಿದಷ್ಟೂ ಆಟ ಓಡುವುದಿಲ್ಲ. ಬೇಕಾದದ್ದು ಹಿಂದಿನ ಪ್ರೋಟಾನ್ 7.0, ಏಕೆಂದರೆ ಅದರೊಳಗಿರುವುದು 1.10 ಸರಣಿಯ ಡಿಎಕ್ಸ್‌ವಿಕೆ. ಸುಸ್ಥಿತಿಯಲ್ಲಿರುವ ಇಂಥ ಕಾರ್ಡನ್ನು ‘ಲಿನಕ್ಸ್‌ನಲ್ಲಿ ಗೇಮ್ ಆಗೋದಿಲ್ಲ’ ಎಂದು ತೆಗೆದುಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬದಲಿಸುವ ಕೆಲಸ ಸುಲಭ. ಅದೇ ‘ಪ್ರಾಪರ್ಟೀಸ್’ನ ‘ಕಂಪ್ಯಾಟಿಬಿಲಿಟಿ’ ಪುಟದಲ್ಲಿ ನಿರ್ದಿಷ್ಟ ಸಾಧನವನ್ನೇ ಬಳಸು ಎಂಬ ಚೌಕಕ್ಕೆ ಗುರುತು ಹಾಕಿ, ಪಟ್ಟಿಯಿಂದ ಪ್ರೋಟಾನ್ 7.0 ಆರಿಸಿದರೆ ಸ್ಟೀಮ್ ಅದನ್ನೂ ಅದಕ್ಕೆ ಬೇಕಾದ ರನ್‌ಟೈಮನ್ನೂ ತಾನೇ ಇಳಿಸಿಕೊಳ್ಳುತ್ತದೆ. ಎಚ್ಚರಿಕೆ ಬೇಕಾದದ್ದು ಇನ್ನೊಂದು ಕಡೆ. ಪ್ರತಿ ಆಟಕ್ಕೂ ಪ್ರೋಟಾನ್ ಒಂದು ಪುಟ್ಟ ನಕಲಿ ವಿಂಡೋಸ್ ಕಟ್ಟಿಕೊಡುತ್ತದೆ. ಅದು ಸ್ಟೀಮ್ ಲೈಬ್ರರಿಯ `steamapps/compatdata/489830/pfx` ಫೋಲ್ಡರಿನಲ್ಲಿದೆ. ಇದಕ್ಕೆ ಪ್ರಿಫಿಕ್ಸ್ ಎನ್ನುತ್ತಾರೆ. ಹಳೆಯದರಿಂದ ಹೊಸ ಆವೃತ್ತಿಗೆ ಹೋದಾಗ ಪ್ರೋಟಾನ್ ಇದನ್ನು ತಾನೇ ನವೀಕರಿಸುತ್ತದೆ, ಆದರೆ ಹೊಸದು ಕಟ್ಟಿದ ಪ್ರಿಫಿಕ್ಸ್ ಹಳೆಯದಕ್ಕೆ ಒಗ್ಗದೆ ಹೋಗಬಹುದು. ಆಗ ಸರಿಯಾದ ಆವೃತ್ತಿ ಆರಿಸಿದ್ದರೂ ಆಟ ಬೀಳುತ್ತದೆ, ಮತ್ತು ಆರಿಸಿದ್ದೇ ತಪ್ಪೇನೋ ಎನಿಸುತ್ತದೆ. ಉಪಾಯವೆಂದರೆ `489830` ಫೋಲ್ಡರಿನ ಹೆಸರನ್ನೇ ಬದಲಿಸಿ ಮತ್ತೆ ಆಟ ಶುರುಮಾಡುವುದು. ಪ್ರೋಟಾನ್ ಹೊಸ ಪ್ರಿಫಿಕ್ಸ್ ಕಟ್ಟುತ್ತದೆ. ಅಳಿಸಬೇಡಿ. ಸ್ಟೀಮ್ ಕ್ಲೌಡ್ ಇಲ್ಲದ ಆಟಗಳಲ್ಲಿ ನೀವು ಸೇವ್ ಮಾಡಿದ್ದೆಲ್ಲ ಅದರೊಳಗಿನ `drive_c/users/steamuser` ಕೆಳಗೆ ಇರುವ ಸಾಧ್ಯತೆ ಹೆಚ್ಚು. ಅಲ್ಲಿಂದ ನಕಲು ಮಾಡಿ ಹೊಸ ಜಾಗಕ್ಕೆ ತರಬಹುದು.

ಈಗ ಬರುವ ಲಾಗ್‌ನಲ್ಲಿ `Skipping` ಎಂಬ ಸಾಲು ಇರಬಾರದು. ಅದು ಹೋಗಿಯೂ ಆಟ ಬಿದ್ದರೆ, ಅದು ಬೇರೆಯದೇ ತೊಂದರೆ, ಹೊಸದಾಗಿ ಓದಬೇಕು. ಆಟ ಓಡಿದರೆ ಲಾಂಚ್ ಆಪ್ಷನ್ ಅಳಿಸಿಬಿಡಿ, ಇಲ್ಲವಾದರೆ ಆಡುವಾಗಲೆಲ್ಲ ಲಾಗ್ ಬರೆಯುತ್ತಲೇ ಇರುತ್ತದೆ.

ಆವೃತ್ತಿ ಬದಲಿಸಿ ಪ್ರಯೋಜನವಿಲ್ಲದ ಸಂದರ್ಭಗಳನ್ನೂ ಲಾಗ್ ಹೇಳುತ್ತದೆ. `Skipping` ಸಾಲೇ ಇಲ್ಲದೆ ಡಿಎಕ್ಸ್‌ವಿಕೆಗೆ ಕಾರ್ಡೇ ಸಿಗದಿದ್ದರೆ, ವಲ್ಕನ್ ಡ್ರೈವರೇ ಅಳವಟ್ಟಿಲ್ಲದಿರಬಹುದು. ಹೊಸ ಆಟಗಳು ಓಡಿ, 32 ಬಿಟ್‌ನ ಹಳೆಯ ಆಟ ಮಾತ್ರ ಬಿದ್ದರೆ 32 ಬಿಟ್ ಡ್ರೈವರ್ ಕಡತಗಳು ಇವೆಯೇ ನೋಡಿ. `import_dll` ಎಂಬ ಸಾಲು ಯಾವುದೋ ಡಿಎಲ್‌ಎಲ್ ಸಿಗಲಿಲ್ಲವೆಂದರೆ, ಆಟದ ಕಡತಗಳನ್ನು ಸ್ಟೀಮ್‌ನಲ್ಲೇ ಪರಿಶೀಲಿಸುವುದು ಮೊದಲ ಕೆಲಸ. ಆನ್‌ಲೈನ್ ಆಟಗಳ ಆ್ಯಂಟಿ-ಚೀಟ್ ಕಾವಲು ಲಿನಕ್ಸನ್ನು ಒಪ್ಪಬೇಕೋ ಬೇಡವೋ ಎಂದು ತೀರ್ಮಾನಿಸುವವರು ಆಟ ಮಾಡಿದವರು. ಅವರು ಬಾಗಿಲು ತೆರೆಯದಿದ್ದರೆ ಪ್ರೋಟಾನಿನ ಯಾವ ಆವೃತ್ತಿಯೂ ಒಳಗೆ ಬಿಡಿಸಲಾರದು.

ಪ್ರೋಟಾನ್ 7.0ಕ್ಕೂ ಮಿತಿಯಿದೆ. ನಂತರ ಬಂದ ಆಟಗಳಿಗಾಗಿ ಮಾಡಿದ ತಿದ್ದುಪಡಿಗಳು ಅದರಲ್ಲಿಲ್ಲ. ಅಂಥ ಆಟವನ್ನು ಕೆಪ್ಲರ್ ಕಾರ್ಡಿನಲ್ಲಿ ಓಡಿಸಲೇಬೇಕೆಂದರೆ ಹೊಸ ಪ್ರೋಟಾನಿನಲ್ಲೇ `PROTON_USE_WINED3D=1 %command%` ಎಂದು ಕೊಟ್ಟು ನೋಡಬಹುದು. ಆಗ ಡೈರೆಕ್ಟ್‌3ಡಿ 11ರವರೆಗಿನ ಕರೆಗಳು ವಲ್ಕನ್ ಬಿಟ್ಟು ಓಪನ್‌ಜಿಎಲ್ ಮೂಲಕ ಹೋಗುತ್ತವೆ. ವೇಗ ಬಹಳ ಸಲ ಇಳಿಯುತ್ತದೆ. ಡೈರೆಕ್ಟ್‌3ಡಿ 12 ಮಾತ್ರ ಬಲ್ಲ ಆಟಗಳಿಗೆ ಈ ದಾರಿಯೂ ಇಲ್ಲ, ಅಲ್ಲಿ ಕಾರ್ಡನ್ನೇ ಬದಲಿಸಬೇಕು.